ನೋಟರಿ ಸೀಲು ದೋಹಾದಲ್ಲಿ ನಡೆಯುವುದಿಲ್ಲ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಮತ್ತು ಉನ್ನತ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ದಾವಣಗೆರೆಯ ನ್ಯಾಯಾಲಯದ ಆವರಣದ ಹತ್ತಿರ ನಾನು ಇಪ್ಪತ್ತೆರಡು ವರ್ಷಗಳಿಂದ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಅಫಿಡವಿಟ್ಟು, ಬಾಡಿಗೆ ಕರಾರು, ಅರ್ಜಿ, ತಕರಾರು, ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಈಚಿನ ವರ್ಷಗಳಲ್ಲಿ ಹೊರದೇಶಕ್ಕೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಪ್ರಮಾಣಪತ್ರಗಳ ಕಟ್ಟು ಹಿಡಿದು ಬರುವುದು ಹೆಚ್ಚಾಗಿದೆ. ಬಂದವರು ಹತ್ತರಲ್ಲಿ ಎಂಟು ಮಂದಿ ಒಂದೇ ಮಾತು ಹೇಳುತ್ತಾರೆ: "ಅಟೆಸ್ಟ್ ಮಾಡಿಸಬೇಕು, ನೋಟರಿ ಎಲ್ಲಿದ್ದಾರೆ?" ಆ ಒಂದು ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ಕೆಲಸಗಳು ಕಲಸಿಕೊಂಡಿರುತ್ತವೆ. ಅದನ್ನು ಬಿಡಿಸಿ ಹೇಳುವವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ಕಾಲೇಜಿನಲ್ಲಿ ಹೇಳುವುದಿಲ್ಲ, ಸರ್ಕಾರಿ ಕಚೇರಿಯ ಗೋಡೆಯ ಮೇಲೆ ಬರೆದಿಲ್ಲ. ನನ್ನ ಮನೆಯ ಹುಡುಗನೊಬ್ಬನಿಗೆ ಇದರಿಂದಲೇ ಕೈಗೆ ಬಂದ ಕೆಲಸ ತಪ್ಪಿತು. ಆದ್ದರಿಂದ ಈ ಪತ್ರ.

ಅವನು ನನ್ನ ಅಕ್ಕನ ಮಗ. ಜಗಳೂರು ತಾಲ್ಲೂಕಿನ ಹಳ್ಳಿಯವನು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಹರಿಹರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕತಾರ್ ದೇಶದ ದೋಹಾದ ಒಂದು ಸಂಸ್ಥೆ ದೊಡ್ಡ ಕಟ್ಟಡಗಳ ಹವಾನಿಯಂತ್ರಣ ಯಂತ್ರಗಳ ಉಸ್ತುವಾರಿಗೆ ಅವನನ್ನು ಆರಿಸಿಕೊಂಡಿತು. ನಲವತ್ತೈದು ದಿನಗಳಲ್ಲಿ ಬಂದು ಸೇರಬೇಕು, ಬರುವ ಮೊದಲು ದೃಢೀಕರಿಸಿದ ಪದವಿ ಪ್ರಮಾಣಪತ್ರ ಕಳುಹಿಸಬೇಕು ಎಂದು ಪತ್ರದಲ್ಲಿತ್ತು. ದೃಢೀಕರಣ ಎಂದರೆ ಯಾವುದು, ಯಾರದು ಎಂದು ಒಂದಕ್ಷರವೂ ಇರಲಿಲ್ಲ.

ಅವನು ಮಾಡಿದ ಮೊದಲ ಕೆಲಸ ನೋಟರಿ ಪ್ರತಿ ಮಾಡಿಸಿದ್ದು. ನನ್ನ ಅಂಗಡಿಯಲ್ಲೇ ಝೆರಾಕ್ಸ್ ತೆಗೆಸಿ, ಎದುರಿನ ನೋಟರಿಯವರ ಬಳಿ ಹೋಗಿ, ಎಲ್ಲ ಅಂಕಪಟ್ಟಿಗಳಿಗೂ ಪದವಿಗೂ ಕೆಂಪು ಸೀಲು ಹಾಕಿಸಿ, ಸ್ಕ್ಯಾನ್ ಮಾಡಿ ಕಳುಹಿಸಿದ. ಎರಡನೇ ದಿನ ಉತ್ತರ ಬಂತು, ಇದು ನಡೆಯುವುದಿಲ್ಲ ಎಂದು.

ನಡೆಯದಿರುವುದಕ್ಕೆ ಕಾರಣವಿದೆ. ನೋಟರಿಗಳು 1952ರ ಕಾಯ್ದೆಯ ಅಡಿಯಲ್ಲಿ ನೇಮಕಗೊಂಡ ವಕೀಲರು, ಅವರ ಸೀಲಿಗೆ ಕಾನೂನಿನ ಬೆಲೆ ಇದೆ. ಆದರೆ ಝೆರಾಕ್ಸ್ ಪ್ರತಿಯ ಮೇಲೆ ಅವರು ಸಹಿ ಮಾಡಿದಾಗ ಹೇಳುವುದು ಇಷ್ಟನ್ನು ಮಾತ್ರ: ಮೂಲವೆಂದು ನನ್ನ ಮುಂದೆ ತಂದ ಹಾಳೆಯನ್ನು ನೋಡಿದೆ, ಈ ಪ್ರತಿ ಅದಕ್ಕೆ ಹೊಂದುತ್ತದೆ. ಆ ಮೂಲ ಹಾಳೆಯನ್ನು ವಿಶ್ವವಿದ್ಯಾಲಯವೇ ಕೊಟ್ಟಿದ್ದೋ ಯಾರೋ ಮುದ್ರಿಸಿದ್ದೋ ಎಂಬುದನ್ನು ಅವರು ಹೇಳುವುದಿಲ್ಲ, ಹೇಳಲು ಅವರಿಗೆ ದಾರಿಯೂ ಇಲ್ಲ. ಬ್ಯಾಂಕಿಗೆ, ವೀಸಾ ಅರ್ಜಿಯ ಜೊತೆಗೆ, ಮುಖ್ತಾರುನಾಮೆಗೆ ನೋಟರಿ ಬೇಕಾಗುತ್ತದೆ. ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ಸಹಿ ಇನ್ನೂ ಚಿಕ್ಕ ವ್ಯಾಪ್ತಿಯದು, ಅದು ನಮ್ಮ ದೇಶದೊಳಗಿನ ಅರ್ಜಿಗಳಿಗಷ್ಟೇ ಸಾಕು. ದೋಹಾದಲ್ಲಿ ಕುಳಿತ ಅಧಿಕಾರಿಗೆ ದಾವಣಗೆರೆಯ ನೋಟರಿಯ ಸಹಿ ಯಾವುದು ಎಂದು ಹೇಗೆ ಗೊತ್ತಾಗಬೇಕು?

ಗುರುತಿನ ಈ ಪ್ರಶ್ನೆಗೆ ಉತ್ತರವಾಗಿಯೇ ದೃಢೀಕರಣದ ಸರಪಳಿ ಹುಟ್ಟಿದೆ. ಪ್ರತಿಯೊಬ್ಬ ಅಧಿಕಾರಿಯೂ ತನಗಿಂತ ಹಿಂದಿನವರ ಸಹಿ ನಿಜವೆಂದು ಹೇಳುತ್ತಾನೆ, ಏಕೆಂದರೆ ಆ ಸಹಿಯ ಮಾದರಿ ಅವನ ಬಳಿ ಇರುತ್ತದೆ. ಪದವಿಯನ್ನು ಕೊಟ್ಟ ವಿಶ್ವವಿದ್ಯಾಲಯ ಅದು ತನ್ನದೇ ಎಂದು ಖಚಿತಪಡಿಸುತ್ತದೆ. ಅದರ ಮೇಲೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ ಈ ಕೆಲಸಕ್ಕೆಂದೇ ನಿಯೋಜಿಸಿದ ಅಧಿಕಾರಿ ಸಹಿ ಹಾಕುತ್ತಾರೆ. ಓದಿನ ದಾಖಲೆಗಳಾದರೆ ಶಿಕ್ಷಣ ಇಲಾಖೆಯ ಕಡೆಯವರು, ಜನನ ಅಥವಾ ವಿವಾಹ ಪತ್ರಗಳಾದರೆ ಗೃಹ ಇಲಾಖೆಯವರು. ಆ ಅಧಿಕಾರಿಗಳ ಸಹಿಯ ಮಾದರಿ ಕೇಂದ್ರದ ವಿದೇಶಾಂಗ ಸಚಿವಾಲಯದಲ್ಲಿ ಇರುತ್ತದೆ, ಹಾಗಾಗಿ ಸಚಿವಾಲಯ ಅದನ್ನು ಒಪ್ಪಿ ತನ್ನ ಮುದ್ರೆ ಹಾಕುತ್ತದೆ. ಸಚಿವಾಲಯದ ಮುದ್ರೆಯನ್ನು ಹೊರದೇಶ ಗುರುತಿಸುತ್ತದೆ. ನಮ್ಮ ಊರಿನ ನೋಟರಿಯ ಸಹಿ ಈ ಸರಪಳಿಯ ಯಾವ ಕೊಂಡಿಗೂ ತಾನಾಗಿ ಸೇರಿಕೊಳ್ಳುವುದಿಲ್ಲ.

ಇಷ್ಟು ತಿಳಿದ ಮೇಲೆ ನನ್ನ ಅಳಿಯ ಎರಡನೇ ತಪ್ಪು ಮಾಡಿದ. ಅದು ನೋಟರಿ ತಪ್ಪಿಗಿಂತ ದುಬಾರಿಯದು, ಮತ್ತು ಅದನ್ನು ನಾನೂ ತಡೆಯಲಿಲ್ಲ. ಅವನ ಸಹಪಾಠಿಯೊಬ್ಬ ಅದರ ಹಿಂದಿನ ವರ್ಷ ಒಮಾನ್ ದೇಶದ ಮಸ್ಕತ್‌ಗೆ ಹೋಗಿದ್ದ. ಅವನಿಗೆ ಫೋನ್ ಮಾಡಿದಾಗ, "ಅಪೊಸ್ಟಿಲ್ ಮಾಡಿಸು, ಹಿಂದೆ ಒಂದು ಸ್ಟಿಕ್ಕರ್ ಅಂಟಿಸಿ ಕೊಡುತ್ತಾರೆ, ನನಗೆ ಅಷ್ಟರಲ್ಲೇ ಮುಗಿಯಿತು" ಎಂದ. ಸುಳ್ಳು ಹೇಳಲಿಲ್ಲ, ಅವನಿಗೆ ನಿಜವಾಗಿಯೂ ಅಷ್ಟರಲ್ಲೇ ಮುಗಿದಿತ್ತು. ಅಳಿಯ ಬೆಂಗಳೂರಿನ ಒಬ್ಬ ಮಧ್ಯವರ್ತಿಯ ಬಳಿ ಹೋಗಿ ಅಪೊಸ್ಟಿಲ್ ಬೇಕು ಎಂದ. ಅವರು ಕೇಳಿದ್ದನ್ನು ಮಾಡಿಸಿ ಕೊಟ್ಟರು. ಯಾವ ದೇಶಕ್ಕೆ ಹೋಗುತ್ತೀಯ ಎಂದು ಕೇಳಲೇ ಇಲ್ಲ.

ಅಪೊಸ್ಟಿಲ್ ಎನ್ನುವುದು 1961ರ ಅಕ್ಟೋಬರ್ 5ರಂದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಆದ ಒಂದು ಒಪ್ಪಂದದಿಂದ ಬಂದದ್ದು. ಒಪ್ಪಂದಕ್ಕೆ ಸೇರಿದ ದೇಶಗಳು ಒಬ್ಬರ ಮುದ್ರೆಯನ್ನು ಇನ್ನೊಬ್ಬರು ನೇರವಾಗಿ ನಂಬುತ್ತವೆ, ನಡುವೆ ರಾಯಭಾರ ಕಚೇರಿಯ ಕೆಲಸವಿಲ್ಲ. ಭಾರತದ ಮಟ್ಟಿಗೆ ಇದು 2005ರ ಜುಲೈ 14ರಿಂದ ಜಾರಿಯಲ್ಲಿದೆ. ಕೊಲ್ಲಿಯ ಕಡೆ ಒಮಾನ್ 2012ರಲ್ಲಿ, ಬಹರೇನ್ 2013ರಲ್ಲಿ ಇದಕ್ಕೆ ಒಳಪಟ್ಟವು. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರಿನಲ್ಲಷ್ಟೇ ಜಾರಿಗೆ ಬಂತು. ಕತಾರ್ ಈ ಒಪ್ಪಂದದಲ್ಲಿ ಇಲ್ಲ, ಸಂಯುಕ್ತ ಅರಬ್ ಸಂಸ್ಥಾನವೂ ಇಲ್ಲ. ಅಲ್ಲಿಗೆ ಹೋಗುವವರಿಗೆ ವಿದೇಶಾಂಗ ಸಚಿವಾಲಯದ ಸಾಮಾನ್ಯ ದೃಢೀಕರಣ ಆಗಬೇಕು, ಆಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೀಳಬೇಕು, ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯವೂ ಒಪ್ಪಬೇಕು. ಮಸ್ಕತ್‌ಗೆ ಮೂರು ಬಾಗಿಲು ಸಾಕಾದರೆ ದೋಹಾಕ್ಕೆ ಐದು. ಮೊದಲ ಎರಡು ಬಾಗಿಲುಗಳು ಒಂದೇ ಆಗಿರುವುದರಿಂದಲೇ ಹುಡುಗರು ಮೋಸಹೋಗುತ್ತಾರೆ.

ಇನ್ನೊಂದು ದೇಶದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ನಮ್ಮ ಕಡೆಯ ನರ್ಸಿಂಗ್ ಓದಿದವರು ಈಗ ಅದರ ಬಗ್ಗೆ ಬಹಳ ಕೇಳುತ್ತಿದ್ದಾರೆ. ಜರ್ಮನಿ ಹೇಗ್ ಒಪ್ಪಂದದಲ್ಲಿ ಇದೆ, ಭಾರತವೂ ಇದೆ. ಆದರೂ ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಇಬ್ಬರ ನಡುವೆ ಅದು ನಡೆಯುವುದಿಲ್ಲ. ಪಟ್ಟಿಯಲ್ಲಿ ದೇಶದ ಹೆಸರು ಇದೆಯೆಂದು ದುಡ್ಡು ಕಟ್ಟಿ ಅಪೊಸ್ಟಿಲ್ ಮಾಡಿಸಿದವರು ನನಗೆ ಗೊತ್ತು. hcch.net ಎಂಬ ಜಾಲತಾಣದಲ್ಲಿ ದೇಶಗಳ ಪಟ್ಟಿಯೂ ಇಂಥ ಆಕ್ಷೇಪಗಳೂ ಎರಡೂ ಸಿಗುತ್ತವೆ, ಎರಡನ್ನೂ ನೋಡಬೇಕು.

ಅಳಿಯನ ಪದವಿಯ ಹಿಂಬದಿಯಲ್ಲಿ ಅಪೊಸ್ಟಿಲ್ ಅಂಟಿಕೊಂಡು ಬಂದಾಗ ಇಪ್ಪತ್ತಾರು ದಿನ ಕಳೆದಿತ್ತು. ಅದು ಅಸಲಿಯೇ ಆಗಿತ್ತು. ಒಂದರಿಂದ ಹತ್ತರವರೆಗೆ ಸಂಖ್ಯೆ ಹಾಕಿದ ಸಾಲುಗಳು, ತಲೆಯಲ್ಲಿ ಅಪೊಸ್ಟಿಲ್ ಎಂಬ ಪದ, ಅದರ ಕೆಳಗೆ ಒಪ್ಪಂದದ ಹೆಸರು ಫ್ರೆಂಚ್ ಭಾಷೆಯಲ್ಲಿ. ಎಂಟನೇ ಸಾಲಿನ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ಹಾಕಿ ನೋಡಿದೆವು, ಸರಿಯಾಗಿತ್ತು. ಎರಡನೇ ಸಾಲನ್ನು ಎಲ್ಲರೂ ಗಮನವಿಟ್ಟು ಓದಬೇಕು ಎಂದು ನನ್ನ ಕೋರಿಕೆ. ಈ ದಾಖಲೆಗೆ ಸಹಿ ಮಾಡಿದವರು ಯಾರು ಎಂದು ಅಲ್ಲಿ ಇರುತ್ತದೆ, ಮೂರನೇ ಸಾಲಿನಲ್ಲಿ ಅವರ ಹುದ್ದೆ. ಸಚಿವಾಲಯ ಹೊಣೆ ಹೊರುವುದು ಆ ಸಹಿಗೆ, ಆ ಹುದ್ದೆಗೆ, ಆ ಮುದ್ರೆಗೆ ಮಾತ್ರ. ಒಳಗಿನ ಅಂಕಗಳಿಗಾಗಲಿ ಪದವಿಯ ಮಟ್ಟಕ್ಕಾಗಲಿ ಅಲ್ಲ. ಕೆಲವು ಮಧ್ಯವರ್ತಿಗಳು ಶಿಕ್ಷಣ ಇಲಾಖೆಯ ದಾರಿ ಬಿಟ್ಟು, ಬೇಗ ಆಗುತ್ತದೆ ಎಂದು ಬೇರೆ ದಾರಿಯಲ್ಲಿ ಸಹಿ ಮಾಡಿಸಿ ತರುತ್ತಾರೆ. ಆಗ ಆ ಸಾಲಿನಲ್ಲಿ ಬೇರೆ ಹುದ್ದೆ ಕಾಣುತ್ತದೆ. ಕೆಲಸ ಕೊಡುವವರು ಅದನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು. ದುಡ್ಡು ಕೊಡುವ ಮುಂಚೆ ಕಂಪನಿಗೆ ಒಂದು ಇ-ಮೇಲ್ ಬರೆದು, ಯಾವ ಇಲಾಖೆಯ ಸಹಿ ಬೇಕು, ರಾಯಭಾರ ಕಚೇರಿಯ ಮುದ್ರೆ ಬೇಕೇ ಎಂದು ಲಿಖಿತ ಉತ್ತರ ತರಿಸಿಕೊಂಡರೆ ಈ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ದೋಹಾದಿಂದ ಉತ್ತರ ಬಂತು: ಕತಾರ್ ರಾಯಭಾರ ಕಚೇರಿಯ ಮುದ್ರೆ ಎಲ್ಲಿದೆ? ಅಳಿಯ ಆ ಸಂಜೆ ಅಂಗಡಿಗೆ ಬಂದು ಬಾಗಿಲ ಬಳಿ ನಿಂತೇ ಇದ್ದ. "ಮಾವ, ಇದು ಸರ್ಕಾರದ ಸ್ಟಿಕ್ಕರ್ ಅಲ್ಲವೇ? ಅಸಲಿ ಅಲ್ಲವೇ?" ಎಂದ. ಅಸಲಿಯೇ ಹೌದು ಎಂದೆ. ಅಸಲಿಯಾದ ಕಾಗದವೂ ನಿರುಪಯೋಗಿ ಆಗಬಹುದು ಎಂದು ಅವನಿಗೆ ವಿವರಿಸುವುದು ನನಗೆ ಬಹಳ ಕಷ್ಟವಾಯಿತು. ಸಚಿವಾಲಯದ ಸಾಮಾನ್ಯ ದೃಢೀಕರಣಕ್ಕೆ ಮತ್ತೆ ಕೊಟ್ಟು, ಅಲ್ಲಿಂದ ದೆಹಲಿಯ ರಾಯಭಾರ ಕಚೇರಿಗೆ ಹೋಗಿ ಬರುವ ಹೊತ್ತಿಗೆ ಇನ್ನೂ ಐದು ವಾರ ಹಿಡಿಯಿತು. ಆ ಹುದ್ದೆಗೆ ಆಗಲೇ ಬೇರೆಯವರು ಸೇರಿದ್ದರು. ಎಂಟು ತಿಂಗಳ ನಂತರ ಅದೇ ಊರಿನಲ್ಲಿ ಇನ್ನೊಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿ ಅವನು ಹೋದ, ಸಂಬಳ ಮೊದಲಿನದಕ್ಕಿಂತ ಕಡಿಮೆ. ಅಕ್ಕ ಮೊದಲ ಸುತ್ತಿನ ಖರ್ಚಿಗೆ ಅಡವಿಟ್ಟ ಸರವನ್ನು ಬಿಡಿಸಿಕೊಂಡದ್ದು ಈ ಸಂಬಳ ಬಂದ ಮೇಲೆ.

ಖರ್ಚಿನ ಮಾತು ಬಂದಿರುವುದರಿಂದ ಹೇಳುತ್ತೇನೆ. ಅಪೊಸ್ಟಿಲ್‌ಗೆ ಸಚಿವಾಲಯದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಸಾಮಾನ್ಯ ದೃಢೀಕರಣಕ್ಕೆ ಸಚಿವಾಲಯ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಸಚಿವಾಲಯ 2012ರಿಂದ ಜನರ ಕೈಯಿಂದ ನೇರವಾಗಿ ಕಾಗದ ಸ್ವೀಕರಿಸುವುದನ್ನು ನಿಲ್ಲಿಸಿ ಅದಕ್ಕೆಂದು ಸಂಸ್ಥೆಗಳನ್ನು ನೇಮಿಸಿದೆ, ಅವುಗಳ ನಿಗದಿತ ಸೇವಾ ಶುಲ್ಕ ಬೇರೆ. ರಾಯಭಾರ ಕಚೇರಿಯ ಶುಲ್ಕ ದೇಶಕ್ಕೊಂದು ರೀತಿ. ಆದರೆ ಹುಡುಗರು ತೋರಿಸುವ ರಸೀದಿಗಳಲ್ಲಿ "ಅಪೊಸ್ಟಿಲ್ ಬಾಬ್ತು" ಎಂಬ ಒಂದೇ ಸಾಲು, ಅದರ ಮುಂದೆ ಸಾವಿರಗಳಲ್ಲಿ ಒಂದೇ ಮೊತ್ತ. ಓಡಾಟಕ್ಕೆ, ಕಾಯುವುದಕ್ಕೆ ಮಧ್ಯವರ್ತಿಗಳು ಕೂಲಿ ತೆಗೆದುಕೊಳ್ಳಲಿ, ಅದರಲ್ಲಿ ತಪ್ಪೇನೂ ಇಲ್ಲ. ಸರ್ಕಾರಕ್ಕೆ ಹೋದದ್ದೆಷ್ಟು, ತಮಗೆ ಉಳಿದದ್ದೆಷ್ಟು ಎಂದು ಬಿಡಿಬಿಡಿಯಾಗಿ ಬರೆದುಕೊಡಲಿ.

ಇನ್ನು ಲ್ಯಾಮಿನೇಷನ್. ಇದು ನನ್ನ ಅಂಗಡಿಯಲ್ಲಿ ನಡೆದದ್ದು, ನನ್ನ ಕೈಯಿಂದಲೇ ಆದದ್ದು, ಆದ್ದರಿಂದ ಮುಚ್ಚಿಡುವುದಿಲ್ಲ. ಅಳಿಯನಿಗೆ ಪದವಿ ಬಂದ ದಿನ ಅದನ್ನು ಹಾಳಾಗದಂತೆ ನೋಡಿಕೊಳ್ಳೋಣ ಎಂದು ನಾನೇ ಲ್ಯಾಮಿನೇಷನ್ ಮಾಡಿಕೊಟ್ಟಿದ್ದೆ. ನಮ್ಮ ಊರಿನ ಪ್ರತಿ ಮನೆಯಲ್ಲೂ ಇದೇ ಕ್ರಮ: ಮಕ್ಕಳ ಅಂಕಪಟ್ಟಿ ಬಂತೆಂದರೆ ಮೊದಲು ಲ್ಯಾಮಿನೇಷನ್, ಆಮೇಲೆ ಬೀರು. ಆದರೆ ದೃಢೀಕರಣದ ಸೀಲು, ಸಹಿ, ಸ್ಟಿಕ್ಕರ್ ಎಲ್ಲವೂ ಬೀಳಬೇಕಾದದ್ದು ಮೂಲ ಹಾಳೆಯ ಮೇಲೆ, ಸಾಮಾನ್ಯವಾಗಿ ಅದರ ಹಿಂಬದಿಯಲ್ಲಿ. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲುವುದಿಲ್ಲ, ನಿಂತರೂ ಅಧಿಕಾರಿಗಳು ಒಪ್ಪುವುದಿಲ್ಲ.

ಅದನ್ನು ಬಿಡಿಸುವುದು ಹೇಗೆಂದು ತಿಳಿಯಲು, ನನ್ನದೇ ಹಳೆಯ ಲ್ಯಾಮಿನೇಟ್ ಮಾಡಿದ ಝೆರಾಕ್ಸ್ ಹಾಳೆಯೊಂದನ್ನು ಮೊದಲು ತೆಗೆದುಕೊಂಡೆ. ಅಂಚು ಕತ್ತರಿಸಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯಿಂದ ಬಿಸಿ ಮಾಡಿ, ಮೂಲೆಯಿಂದ ಎಳೆದೆ. ಪ್ಲಾಸ್ಟಿಕ್ ಎದ್ದು ಬಂತು, ಜೊತೆಗೆ ಅಕ್ಷರಗಳೂ ಬಂದವು. ಹಾಳೆ ಬಿಳಿಯಾಗಿ ಉಳಿಯಿತು, ಬರಹವೆಲ್ಲ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಅಂಟಿಕೊಂಡಿತ್ತು. ಝೆರಾಕ್ಸ್ ಮತ್ತು ಲೇಸರ್ ಮುದ್ರಣದ ಪುಡಿ ಬಿಸಿಗೆ ಕರಗುವಂಥದ್ದು, ಲ್ಯಾಮಿನೇಷನ್ನಿನ ಅಂಟೂ ಬಿಸಿಗೆ ಕರಗುವಂಥದ್ದು. ಯಂತ್ರದೊಳಗೆ ಒಮ್ಮೆ ಎರಡೂ ಬೆಸೆದುಕೊಂಡರೆ ಬಿಡಿಸುವಾಗ ಯಾವುದು ಯಾವುದರ ಪಾಲಾಗುತ್ತದೆ ಎಂದು ಹೇಳಲಾಗದು. ಅದನ್ನು ನೋಡಿದ ಮೇಲೆ ಪದವಿಗೆ ಕೈಹಾಕಲು ನನಗೆ ಧೈರ್ಯ ಬರಲಿಲ್ಲ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವರೊಬ್ಬರು ಎರಡು ದಿನ ತೆಗೆದುಕೊಂಡು ಬಿಡಿಸಿಕೊಟ್ಟರು. ಮುಂಬದಿಯ ಬರಹ ಉಳಿಯಿತು, ಹಿಂಬದಿಯಲ್ಲಿ ಕಾಗದದ ಮೇಲ್ಪದರ ಎರಡು ಬೆರಳಗಲ ಕಿತ್ತು ಬಂತು. ಉಳಿದ ಜಾಗದಲ್ಲಿ ಸೀಲುಗಳು ಬಿದ್ದವು.

ಹೊಳಲ್ಕೆರೆಯ ಕಡೆಯ ಒಬ್ಬ ನರ್ಸಿಂಗ್ ಹುಡುಗಿಗೆ ಅಷ್ಟು ಅದೃಷ್ಟವಿರಲಿಲ್ಲ. ಅವಳ ಅಂಕಪಟ್ಟಿಯಲ್ಲಿ ಸಹಿಯಿದ್ದ ಭಾಗವೇ ಎದ್ದು ಹೋಯಿತು. ಅರ್ಜಿ, ಶುಲ್ಕ, ಅಫಿಡವಿಟ್ಟು ಕೊಟ್ಟು ಎರಡನೇ ಪ್ರತಿಗೆ ಕಾದಳು. ಅವಳ ಅಫಿಡವಿಟ್ಟನ್ನು ಟೈಪ್ ಮಾಡಿದ್ದು ನಾನೇ. ಆ ವಾರದಿಂದ ನನ್ನ ಅಂಗಡಿಯಲ್ಲಿ ಯಾರ ಪ್ರಮಾಣಪತ್ರಕ್ಕೂ ಲ್ಯಾಮಿನೇಷನ್ ಮಾಡುವುದಿಲ್ಲ. ಬೇಕೆಂದರೆ ಝೆರಾಕ್ಸ್ ಪ್ರತಿಗೆ ಮಾಡಿಕೊಡುತ್ತೇನೆ, ಮೂಲವನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಅಂಟಿಲ್ಲದೆ ಇಟ್ಟುಕೊಳ್ಳಿ ಎನ್ನುತ್ತೇನೆ. ಹಲವರು ಬೇಸರಪಟ್ಟು ಪಕ್ಕದ ಅಂಗಡಿಗೆ ಹೋಗುತ್ತಾರೆ.

ಇನ್ನೊಂದು ತೊಡಕು ಹೆಸರಿನದು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆಗೆ ಎರಡು ಅಕ್ಷರ ಇರುತ್ತವೆ, ಒಂದು ಊರಿನದು, ಒಂದು ತಂದೆಯದು. ಪಾಸ್‌ಪೋರ್ಟ್ ಮಾಡಿಸುವಾಗ ಅವುಗಳನ್ನು ಬಿಡಿಸಿ ಪೂರ್ತಿ ಬರೆಯಲು ಹೇಳುತ್ತಾರೆ. ಪದವಿಯಲ್ಲಿ ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಮೂರು ಪೂರ್ಣ ಪದಗಳು. ನಮಗೆ ನೋಡಿದ ಕೂಡಲೇ ಒಬ್ಬನೇ ಎಂದು ತಿಳಿಯುತ್ತದೆ. ಹೊರದೇಶದ ಅಧಿಕಾರಿಗೆ ಇವರು ಇಬ್ಬರು. ದಾಖಲೆಗೆ ಎಷ್ಟೇ ಮುದ್ರೆ ಬಿದ್ದಿದ್ದರೂ ಹೆಸರಿನ ಈ ವ್ಯತ್ಯಾಸವನ್ನು ಅವು ಸರಿಪಡಿಸುವುದಿಲ್ಲ. ಇಬ್ಬರೂ ಒಬ್ಬನೇ ಎಂದು ನೋಟರಿಯ ಮುಂದೆ ಅಫಿಡವಿಟ್ಟು ಮಾಡಿಸಿಟ್ಟುಕೊಳ್ಳಬೇಕಾಗುತ್ತದೆ. ನೋಟರಿ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥಲ್ಲಿ.

ಊರಿನ ಹೆಸರೂ ಇದೇ ತೊಡಕು ತರುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆಯಲ್ಲೇ ಹುಟ್ಟಿದವರ ಜನನ ಪತ್ರದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿರುತ್ತದೆ, ಚನ್ನಗಿರಿ ಹೊನ್ನಾಳಿಯವರದ್ದರಲ್ಲಿ ಶಿವಮೊಗ್ಗ. ಹರಪನಹಳ್ಳಿಯವರಿಗೆ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಪದವಿಯ ವಿಷಯದಲ್ಲೂ ಹೀಗೆಯೇ: ದಾವಣಗೆರೆ ವಿಶ್ವವಿದ್ಯಾಲಯ 2009ರದು, ಅದಕ್ಕೂ ಹಿಂದೆ ಇಲ್ಲಿನ ಕಾಲೇಜಿನಲ್ಲೇ ಬಿ.ಕಾಂ. ಮುಗಿಸಿದವರ ಪದವಿ ಕುವೆಂಪು ವಿಶ್ವವಿದ್ಯಾಲಯದ್ದು. ಅದರ ಪರಿಶೀಲನೆಗೆ ಶಂಕರಘಟ್ಟಕ್ಕೆ ಹೋಗಬೇಕು, ಇಂಜಿನಿಯರಿಂಗ್ ಆದರೆ ಬೆಳಗಾವಿಗೆ, ನರ್ಸಿಂಗ್ ಪದವಿಯಾದರೆ ಬೆಂಗಳೂರಿಗೆ. ಓದಿದ್ದು ವಿದ್ಯಾನಗರದ ಆಸುಪಾಸಿನಲ್ಲಿ, ಕಾಗದ ಮಾತ್ರ ಮೂರು ದಿಕ್ಕಿಗೆ.

ಮಾನ್ಯರೇ, ಇಷ್ಟನ್ನೂ ಬರೆದದ್ದು ಕೆಲವು ನಿರ್ದಿಷ್ಟ ಕೋರಿಕೆಗಳಿಗಾಗಿ.

ಜಿಲ್ಲಾಧಿಕಾರಿಗಳಲ್ಲಿ ಮೊದಲ ಕೋರಿಕೆ: ಹದಿನೈದು ದಿನಕ್ಕೊಮ್ಮೆ ಜಿಲ್ಲಾಡಳಿತ ಭವನದಲ್ಲಿ ಒಂದು ಮೇಜು ಹಾಕಿಸಿ. ಅಲ್ಲಿ ಒಬ್ಬ ಸಿಬ್ಬಂದಿ ಮೂಲ ಪ್ರಮಾಣಪತ್ರವನ್ನು ರಸೀದಿ ಕೊಟ್ಟು ಪಡೆದು, ಲಕೋಟೆಯಲ್ಲಿ ಮುದ್ರೆಯೊತ್ತಿ, ಬೆಂಗಳೂರಿನ ರಾಜ್ಯ ದೃಢೀಕರಣ ಅಧಿಕಾರಿಗೆ ಕಳುಹಿಸಿ ತರಿಸಿಕೊಡಲಿ. ಶುಲ್ಕ ಕೊಡಲು ನಮ್ಮವರು ಸಿದ್ಧ. ವಿದೇಶಾಂಗ ಸಚಿವಾಲಯವೇ 2019ರಿಂದ ಅಪೊಸ್ಟಿಲ್ ಕೆಲಸವನ್ನು ದೆಹಲಿಯೊಂದರಲ್ಲೇ ಇಟ್ಟುಕೊಳ್ಳದೆ ಬೆಂಗಳೂರು ಸೇರಿದಂತೆ ಹಲವು ನಗರಗಳಿಗೆ ಹಂಚಿದೆ. ಪಾಸ್‌ಪೋರ್ಟ್ ಅರ್ಜಿಗಾಗಿ ಹಿಂದೆ ಬೆಂಗಳೂರಿಗೆ ಹೋಗುತ್ತಿದ್ದವರು ಈಗ ಇಲ್ಲಿನ ಅಂಚೆ ಕಚೇರಿಯಲ್ಲೇ ಮುಗಿಸಿಕೊಳ್ಳುತ್ತಾರೆ. ದೆಹಲಿಯಿಂದ ಬೆಂಗಳೂರಿಗೆ ಬಂದ ಕೆಲಸದ ಮೊದಲ ಹಂತವನ್ನು ಬೆಂಗಳೂರಿನಿಂದ ದಾವಣಗೆರೆಗೆ ತರುವುದು ಅಸಾಧ್ಯವೇನಲ್ಲ. ಜಗಳೂರಿನ ಹುಡುಗ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಸರತಿಯಲ್ಲಿ ನಿಂತು, ಒಂದು ಪತ್ರ ಕಡಿಮೆಯಿದೆ ಎಂದು ವಾಪಸು ಬಂದರೆ ಅವನ ಎರಡು ದಿನದ ಸಂಬಳವೂ ಹೋಗುತ್ತದೆ. ಹೀಗೆ ಎರಡು ಬಾರಿಯಾದ ಮೇಲೆ ಅವನು ಮಧ್ಯವರ್ತಿ ಕೇಳಿದಷ್ಟು ಕೊಟ್ಟುಬಿಡುತ್ತಾನೆ.

ಆ ಮೇಜಿನ ಹಿಂದಿನ ಗೋಡೆಗೆ ಕನ್ನಡದಲ್ಲಿ ಒಂದು ಫಲಕ ಹಾಕಿಸಿ. ಯಾವ ದೇಶಕ್ಕೆ ಅಪೊಸ್ಟಿಲ್ ಸಾಕು, ಯಾವುದಕ್ಕೆ ರಾಯಭಾರ ಕಚೇರಿ ಬೇಕು, ಸರ್ಕಾರಿ ಶುಲ್ಕ ಎಷ್ಟು ಎಂಬುದಿರಲಿ. ದೇಶಗಳ ಸ್ಥಿತಿ ಬದಲಾಗುತ್ತಿರುತ್ತದೆ. ಕೆನಡಾದಲ್ಲಿ ಒಪ್ಪಂದ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ, ಅದಕ್ಕೂ ಮೊದಲು ಹೋದವರು ಈಗ ಹೇಳುವ ಸಲಹೆ ಹಳತಾಗಿದೆ. ಹಾಗಾಗಿ ಫಲಕದ ಕೆಳಗೆ ಅದನ್ನು ತಿದ್ದಿದ ದಿನಾಂಕವೂ ಇರಲಿ.

ಉನ್ನತ ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಬೇರೆ. ಕಾಗದವನ್ನು ಊರೂರು ಅಲೆಸದೆ ಜಾಲದಲ್ಲೇ ದಾಖಲೆಯನ್ನು ಪರಿಶೀಲಿಸಿ ದೃಢೀಕರಿಸಲು ಕೇಂದ್ರ ಸರ್ಕಾರ ಇ-ಸನದ್ ಎಂಬ ವ್ಯವಸ್ಥೆಯನ್ನು 2017ರಲ್ಲೇ ಆರಂಭಿಸಿದೆ. ಆದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆ ತನ್ನ ದಾಖಲೆಗಳೊಂದಿಗೆ ಅದರೊಳಗೆ ಬಂದರೆ ಮಾತ್ರ ವಿದ್ಯಾರ್ಥಿಗೆ ಅದರಿಂದ ಉಪಯೋಗ. ರಾಜ್ಯದ ಪ್ರತಿ ವಿಶ್ವವಿದ್ಯಾಲಯವೂ, ಪ್ರತಿ ಪರೀಕ್ಷಾ ಮಂಡಳಿಯೂ, ಹೊಸ ಪದವಿಗಳಿಗಷ್ಟೇ ಅಲ್ಲದೆ ಹತ್ತು ಹದಿನೈದು ವರ್ಷ ಹಿಂದಿನವಕ್ಕೂ ಅಲ್ಲಿ ಉತ್ತರ ಕೊಡುವಂತೆ ಆದೇಶ ಮಾಡಿ. ಹೊರದೇಶಕ್ಕೆ ಹೋಗುವವರಲ್ಲಿ ಅನುಭವವಿರುವವರೇ ಹೆಚ್ಚು, ಅವರ ಪದವಿಗಳು ಹಳೆಯವು.

ಘಟಿಕೋತ್ಸವದ ದಿನ ಪದವಿಯ ಜೊತೆಗೆ ಅಂಗೈಯಗಲದ ಒಂದು ಚೀಟಿ ಕೊಡಿಸಿ: ಲ್ಯಾಮಿನೇಷನ್ ಮಾಡಿಸಬೇಡಿ, ಹಿಂಬದಿಯನ್ನು ಖಾಲಿ ಇಡಿ, ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆ ನೋಡಿಕೊಳ್ಳಿ. ಇದಕ್ಕೆ ಬೇಕಾದ ಖರ್ಚು ಒಂದು ಹಾಳೆಯ ಕಾಲು ಭಾಗ. ಇಲಾಖೆ ಚೀಟಿಯ ಬರಹವನ್ನು ಒಪ್ಪಿ ಕಳುಹಿಸಿದರೆ ದಾವಣಗೆರೆಯ ಕಾಲೇಜುಗಳಿಗೆ ಮೊದಲ ವರ್ಷ ಬೇಕಾದಷ್ಟು ಚೀಟಿಗಳನ್ನು ನನ್ನ ಅಂಗಡಿಯಿಂದಲೇ ಮುದ್ರಿಸಿ, ಕತ್ತರಿಸಿ, ಕಟ್ಟು ಕಟ್ಟಿ ತಲುಪಿಸುತ್ತೇನೆ. ಹಣ ಕೇಳುವುದಿಲ್ಲ. ಯಾವ ಕಾಲೇಜಿಗೆ ಎಷ್ಟು ಎಂಬ ಪಟ್ಟಿ ಕಳುಹಿಸಿದರೆ ಸಾಕು.

ಇಂತಿ,
ನ್ಯಾಯಾಲಯದ ಹತ್ತಿರದ ಟೈಪಿಂಗ್ ಅಂಗಡಿಯವನು,
ದಾವಣಗೆರೆ